ಏಕಾಕ್ಷರ ಭಾಷೆಗಳು ನಿಯಮಿತವಾಗುವ ಬಗೆ

ನೋಮ್ ಚಾಮ್‌ಸ್ಕಿಯವರು 1956ರಲ್ಲಿಯೂ 1959ರಲ್ಲಿಯೂ ಪ್ರಕಟಿಸಿದ ಪ್ರಬಂಧಗಳಲ್ಲಿ ವ್ಯಾಕರಣಗಳನ್ನು ಅವುಗಳ ಶಕ್ತಿಗೆ ಅನುಗುಣವಾಗಿ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದಾಗ, ಎಲ್ಲಕ್ಕಿಂತ ಕೆಳಗೆ ನಿಯಮಿತ ಭಾಷೆಗಳೂ ಅವಕ್ಕೆ ಒಂದು ಮೆಟ್ಟಿಲು ಮೇಲೆ ಸಂದರ್ಭಮುಕ್ತ ಭಾಷೆಗಳೂ ನೆಲೆಗೊಂಡುವು. ನಿಯಮಿತ ಭಾಷೆಯನ್ನು ಗುರುತಿಸಲು ಪರಿಮಿತ ಸಂಖ್ಯೆಯ ಸ್ಥಿತಿಗಳುಳ್ಳ, ಬೇರೆ ಸ್ಮೃತಿಯಿಲ್ಲದ ಯಂತ್ರವೊಂದು ಸಾಕು. ಸಂದರ್ಭಮುಕ್ತ ಭಾಷೆಗಾದರೋ ಮಿತಿಯಿಲ್ಲದೆ ಬೆಳೆಯಬಲ್ಲ ಸ್ಟ್ಯಾಕ್ ಬೇಕು. ಎಷ್ಟು a ಬಂದುವೋ ಅಷ್ಟೇ b ಬರಬೇಕೆಂದು ವಿಧಿಸುವ aⁿbⁿ ಎಂಬ ಭಾಷೆ ಎರಡನೆಯ ವರ್ಗಕ್ಕೆ ಸೇರಿದ್ದು, ಮೊದಲನೆಯದಕ್ಕೆ ಸೇರದ್ದು. ಹೀಗೆ ಎರಡು ವರ್ಗಗಳ ನಡುವಿನ ಭೇದವು ನಿಸ್ಸಂದೇಹವಾದದ್ದೇ ಆದರೂ, ಅಕ್ಷರಮಾಲೆಯಲ್ಲಿ ಒಂದೇ ಒಂದು ಅಕ್ಷರವನ್ನು ಉಳಿಸಿದೊಡನೆ ಅದು ಸಂಪೂರ್ಣವಾಗಿ ಅಳಿಸಿಹೋಗುತ್ತದೆ.

ಈ ಸಂಗತಿಯ ಬೀಜವು 1961ರಲ್ಲಿ ಬಾರ್-ಹಿಲೆಲ್, ಪರ್ಲೆಸ್ ಮತ್ತು ಶಮೀರ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಲ್ಲಿದೆ. ಇಂದಿನ ಪಠ್ಯಪುಸ್ತಕಗಳಲ್ಲಿ ಪಂಪಿಂಗ್ ಲೆಮ್ಮಾ ಎಂದು ಪ್ರಸಿದ್ಧವಾಗಿರುವ ಪ್ರಮೇಯವು ಅಲ್ಲಿಂದ ಬಂದದ್ದು. ವ್ಯಾಕರಣದಲ್ಲಿ ಚರಪದಗಳು ಕೆಲವೇ ಇರುವುದರಿಂದ, ಪದವು ಸಾಕಷ್ಟು ಉದ್ದವಾದಾಗ ಅದರ ನಿಷ್ಪತ್ತಿವೃಕ್ಷದಲ್ಲಿ ಬೇರಿನಿಂದ ಎಲೆಗಿಳಿಯುವ ಯಾವುದಾದರೊಂದು ಹಾದಿಯ ಮೇಲೆ ಒಂದೇ ಚರಪದವು ಎರಡು ಸಲ ಕಾಣಿಸಿಕೊಳ್ಳಲೇಬೇಕು. ಆ ಎರಡು ಸ್ಥಾನಗಳ ನಡುವಣ ಭಾಗವನ್ನು ಬೇಕಾದಷ್ಟು ಸಲ ಪುನರಾವರ್ತಿಸಿದರೂ ವ್ಯಾಕರಣಕ್ಕೆ ಭಂಗ ಬಾರದು. ಹಾಗೆ ಪುನರಾವರ್ತಿಸುವಾಗ ಪದದಲ್ಲಿ ಎಡಗಡೆ v ಎಂಬ ತುಣುಕೂ ಬಲಗಡೆ x ಎಂಬ ತುಣುಕೂ ಜೊತೆಜೊತೆಯಾಗಿ ಹೆಚ್ಚುತ್ತವೆ. ಇವೆರಡರ ಒಟ್ಟು ಉದ್ದವು ಸೊನ್ನೆಯಾಗದು. ವ್ಯಾಕರಣವೊಂದನ್ನೇ ಅವಲಂಬಿಸಿದ n ಎಂಬ ಮಿತಿಯನ್ನು ಮೀರದು.

ಸಂದರ್ಭಮುಕ್ತ ವ್ಯಾಕರಣದ ವಿಶೇಷ ಶಕ್ತಿಯೆಲ್ಲ ಅಡಗಿರುವುದು ಎಡಬಲಗಳು ಜೊತೆಜೊತೆಯಾಗಿ ಬೆಳೆಯುವ ಈ ಸಾಮರ್ಥ್ಯದಲ್ಲಿಯೇ. ಆದರೆ ಅಕ್ಷರವು ಒಂದೇ ಆದಾಗ ಎಡವಾವುದು, ಬಲವಾವುದು? ಪದದ ಗುರುತು ಅದರ ಉದ್ದವೊಂದೇ ಆಗಿ, v ಮತ್ತು x ಎರಡೂ ಕೂಡಿ p ಎಂಬ ಒಂದೇ ಸಂಖ್ಯೆಯಾಗಿ ಬಿಡುತ್ತವೆ. ಹೀಗಾಗಿ m ಉದ್ದದ ಪದವು ಭಾಷೆಯಲ್ಲಿದ್ದು m ಎಂಬುದು nಗಿಂತ ಕಡಿಮೆಯಲ್ಲದಿದ್ದರೆ, m+p, m+2p, m+3p ಮುಂತಾದ ಉದ್ದಗಳೆಲ್ಲವೂ ಭಾಷೆಯಲ್ಲಿ ಇರಲೇಬೇಕು.

ಇಲ್ಲಿಗೇ ಸಾಧನೆ ಮುಗಿಯಿತೆಂದು ಭಾವಿಸುವ ವಿದ್ಯಾರ್ಥಿಗಳು ಅನೇಕರು. ಅದು ಆತುರದ ನಿರ್ಣಯ. ಪ್ರತಿಯೊಂದು ಪದವೂ ಒಂದೊಂದು ಸಮಾಂತರ ಶ್ರೇಢಿಗೆ ಆರಂಭವಾಗುತ್ತದೆಂಬಷ್ಟರಿಂದಲೇ ಭಾಷೆಯು ನಿಯಮಿತವಾಗದು. ಉದ್ದವು ಸಂಯುಕ್ತ ಸಂಖ್ಯೆಯಾಗಿರುವ ಪದಗಳ ಸಮೂಹವನ್ನು ನೋಡಿರಿ: ಸಂಯುಕ್ತ ಸಂಖ್ಯೆಯೊಂದಕ್ಕೆ ಅದರದೇ ಅವಿಭಾಜ್ಯ ಅಪವರ್ತನವೊಂದನ್ನು ಎಷ್ಟು ಸಲ ಕೂಡಿಸಿದರೂ ಬರುವುದು ಸಂಯುಕ್ತ ಸಂಖ್ಯೆಯೇ, ಆದುದರಿಂದ ಇಲ್ಲಿಯೂ ಪ್ರತಿಯೊಂದು ಸದಸ್ಯದಿಂದ ಒಂದು ಶ್ರೇಢಿ ಹೊರಡುತ್ತದೆ; ಆದರೂ ಈ ಭಾಷೆ ನಿಯಮಿತವಲ್ಲ, ಸಂದರ್ಭಮುಕ್ತವೂ ಅಲ್ಲ. ಕಾರಣವೇನೆಂದರೆ, ಸಂಖ್ಯೆಗಳು ದೊಡ್ಡವಾದಂತೆ ಶ್ರೇಢಿಯ ಅಂತರವೂ ಹಲವೆಡೆ ಮಿತಿಮೀರಿ ಬೆಳೆಯುತ್ತದೆ. ಪ್ರಮೇಯದಲ್ಲಿ p ಎಂಬುದು nನ್ನು ಮೀರದೆಂಬ ಸಣ್ಣ ಷರತ್ತೊಂದು ಇದೆಯಷ್ಟೆ. ಓದುವವರ ಕಣ್ಣು ತಪ್ಪಿಸಿಕೊಳ್ಳುವ ಆ ಷರತ್ತೇ ಇಲ್ಲಿ ಎಲ್ಲ ಭಾರವನ್ನೂ ಹೊರುವುದು.

ಏಕೆಂದರೆ 1ರಿಂದ nವರೆಗಿನ ಸಂಖ್ಯೆಗಳೆಲ್ಲದರ ಗುಣಲಬ್ಧವನ್ನು N ಎಂದು ಕರೆದರೆ, p ಯಾವುದೇ ಆಗಿರಲಿ, ಅದು Nನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಆದುದರಿಂದ ಯಾವ ದೀರ್ಘಪದದಿಂದ ಹೊರಟರೂ N ಎಂಬ ಒಂದೇ ಅಂತರದಿಂದ ಮುಂದೆ ಸಾಗಬಹುದು. ಇನ್ನು Nನಿಂದ ಭಾಗಿಸಿದಾಗ ಉಳಿಯುವ ಶೇಷಗಳು N ಬಗೆಯವು ಮಾತ್ರ. ಪ್ರತಿಯೊಂದು ಶೇಷಕ್ಕೂ, nಗಿಂತ ಕಡಿಮೆಯಲ್ಲದ ಉದ್ದಗಳಲ್ಲಿ ಭಾಷೆಗೆ ಸೇರಿದ ಅತ್ಯಂತ ಚಿಕ್ಕದನ್ನು ಆರಿಸಿಕೊಂಡರೆ, ಅದೇ ಶೇಷದ ಮುಂದಿನ ಉದ್ದಗಳೆಲ್ಲವೂ ತಾವಾಗಿಯೇ ಒಳಬರುತ್ತವೆ. ಉಳಿಯುವುದು nಗಿಂತ ಚಿಕ್ಕದಾದ ಬೆರಳೆಣಿಕೆಯ ಪದಗಳು. ಪರಿಮಿತವಾದ ಒಂದು ಸಮೂಹ, ಅದರೊಡನೆ ಪರಿಮಿತ ಸಂಖ್ಯೆಯ ಶ್ರೇಢಿಗಳು. ಇಂಥದು ನಿಯಮಿತ ಭಾಷೆಯಲ್ಲದೆ ಬೇರೇನೂ ಆಗಲಾರದು.

ಒಂದು ವ್ಯಾಕರಣವನ್ನು ಕೈಯಲ್ಲಿ ಹಿಡಿದು ಇದನ್ನು ಪರೀಕ್ಷಿಸುವುದು ಒಳ್ಳೆಯದು:

```
S → SSa | aa | aaaaaa
```

ಮೊದಲ ನಿಯಮವನ್ನು k ಸಲ ಪ್ರಯೋಗಿಸಿದರೆ k ಸಂಖ್ಯೆಯ aಗಳೂ k+1 ಸಂಖ್ಯೆಯ S ಚರಪದಗಳೂ ದೊರೆಯುತ್ತವೆ. ಆ ಚರಪದಗಳಲ್ಲಿ j ಸಂಖ್ಯೆಯವು ಆರಕ್ಷರದ ತುಣುಕಾಗಿ, ಮಿಕ್ಕವು ಎರಡಕ್ಷರದ ತುಣುಕಾಗಿ ಪರಿಣಮಿಸಿದರೆ ಪದದ ಉದ್ದವು 3k+2+4j. ಇಲ್ಲಿ j ಎಂಬುದು k+1ನ್ನು ಮೀರುವಂತಿಲ್ಲ. ಯಾವ ಪದವನ್ನಾದರೂ ಮೊದಲ ನಿಯಮದೊಳಗಿಟ್ಟು ಎರಡನೆಯ Sಗೆ aa ಎಂದು ಬರೆದರೆ ಉದ್ದವು 3 ಹೆಚ್ಚುವುದರಿಂದ, Nನಷ್ಟು ದೊಡ್ಡ ಅಂತರ ಇಲ್ಲಿ ಬೇಕಾಗಿಯೇ ಇಲ್ಲ. 3ರಿಂದ ಭಾಗಿಸಿದಾಗ 2 ಶೇಷವುಳ್ಳ ಉದ್ದಗಳು 2ರಿಂದಲೇ ಆರಂಭವಾಗುತ್ತವೆ. 0 ಶೇಷದವು 6ರಿಂದ. 1 ಶೇಷ ಬರಬೇಕಾದರೆ ಆರಕ್ಷರದ ತುಣುಕುಗಳು ಕಡಿಮೆಯೆಂದರೂ ಎರಡು ಬೇಕಾಗಿ, ಅವುಗಳನ್ನು ಕೂಡಿಸಲು ಮೊದಲ ನಿಯಮವನ್ನು ಒಮ್ಮೆಯಾದರೂ ಬಳಸಬೇಕಾಗುವುದರಿಂದ, ಆ ಶ್ರೇಢಿಯು 13ಕ್ಕೆ ಮುಂಚೆ ತಲೆದೋರದು. ಹೀಗೆ 2, 5, 6, 8, 9 ಎಂಬ ಉದ್ದಗಳೂ 11ರಿಂದ ಮುಂದಿನ ಎಲ್ಲ ಉದ್ದಗಳೂ ಭಾಷೆಯಲ್ಲಿವೆ. 7 ಮತ್ತು 10 ಇಲ್ಲ. ಆರಂಭದಲ್ಲಿ ತೋರುವ ಅಸ್ತವ್ಯಸ್ತತೆಯು ಮೂರು ಶ್ರೇಢಿಗಳು ಬೇರೆ ಬೇರೆ ಸ್ಥಳಗಳಲ್ಲಿ ಹೊರಟುದರ ಫಲವಷ್ಟೆ.

ಐತಿಹಾಸಿಕವಾಗಿ ಈ ನಿರ್ಣಯವನ್ನು 1962ರಲ್ಲಿ ಪ್ರಕಟಿಸಿದವರು ಗಿನ್ಸ್‌ಬರ್ಗ್ ಮತ್ತು ರೈಸ್. ಆಲ್ಗಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವಾಕ್ಯರಚನೆಯನ್ನು ಸಮೀಕರಣಗಳ ರೂಪದಲ್ಲಿ ವಿವೇಚಿಸುತ್ತಿದ್ದಾಗ ಅವರಿಗೆ ಇದು ಲಭಿಸಿತು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ರೋಹಿತ್ ಪಾರಿಖರ ಪ್ರಮೇಯವು 1961ರ ಎಂ.ಐ.ಟಿ. ವರದಿಯೊಂದರಲ್ಲಿ ಮೊದಲು ಬಂದು 1966ರಲ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು; ಅದು ಇನ್ನೂ ವಿಶಾಲವಾದದ್ದು. ಅಕ್ಷರಗಳು ಎಷ್ಟೇ ಇರಲಿ, ಅವುಗಳ ಕ್ರಮವನ್ನು ಮರೆತು ಯಾವ ಅಕ್ಷರ ಎಷ್ಟು ಸಲ ಬಂದಿತೆಂದು ಮಾತ್ರ ಎಣಿಸಿದರೆ, ಪ್ರತಿಯೊಂದು ಸಂದರ್ಭಮುಕ್ತ ಭಾಷೆಗೂ ಅದೇ ಎಣಿಕೆಗಳುಳ್ಳ ನಿಯಮಿತ ಭಾಷೆಯೊಂದಿದೆಯೆಂದು ಅದು ಸಾರುತ್ತದೆ. aⁿbⁿ ಎಂಬುದಕ್ಕೆ ಅಂಥ ಜೊತೆಗಾರನು (ab)*. ಅಕ್ಷರವು ಒಂದೇ ಇರುವಲ್ಲಿ ಪದವೆಂದರೆ ಎಣಿಕೆಯೇ ಆದುದರಿಂದ, ನಮ್ಮ ಪ್ರಮೇಯವು ಇದರಿಂದ ಒಂದೇ ಉಸಿರಿನಲ್ಲಿ ಹೊರಬೀಳುತ್ತದೆ. ನನಗಾದರೋ ಶೇಷಗಳ ಮೂಲಕ ಸಾಗುವ ಮೊದಲಿನ ಹಾದಿಯೇ ಹೆಚ್ಚು ಪ್ರಿಯ. ಕಾರಣವು ಅಲ್ಲಿ ಕಣ್ಣೆದುರಿಗೆ ನಿಲ್ಲುತ್ತದೆ.

ವ್ಯಾಕರಣದಿಂದ ಯಂತ್ರಕ್ಕೆ ಬರುವ ಈ ಪರಿವರ್ತನೆಗೆ ತೆರಬೇಕಾದ ಬೆಲೆ ಅಲ್ಪವಲ್ಲ. A₀ಗೆ a ಎಂದೂ, ಮುಂದಿನ ಪ್ರತಿಯೊಂದು ಚರಪದಕ್ಕೆ ಹಿಂದಿನದರ ಜೋಡಿಯೆಂದೂ ನಿಯಮಿಸಿದರೆ ಹನ್ನೊಂದು ಚರಪದಗಳಿಂದ 1024 ಅಕ್ಷರಗಳ ಒಂದೇ ಪದವು ಹುಟ್ಟುತ್ತದೆ. ಅದನ್ನು ಗುರುತಿಸುವ ಯಂತ್ರಕ್ಕೆ 1025 ಸ್ಥಿತಿಗಳು ಬೇಕೇ ಬೇಕು. ಪಿಗಿಜಿನಿ, ಶಾಲಿಟ್ ಮತ್ತು ವಾಂಗ್ ಅವರು 2002ರಲ್ಲಿ ಈ ಲೆಕ್ಕವನ್ನು ಪೂರ್ಣಗೊಳಿಸಿ, ಚಾಮ್‌ಸ್ಕಿ ನಾರ್ಮಲ್ ಫಾರ್ಮ್‌ನಲ್ಲಿರುವ h ಚರಪದಗಳ ವ್ಯಾಕರಣಕ್ಕೆ ಸಮನಾದ ನಿಶ್ಚಿತಗತಿಯ ಯಂತ್ರದಲ್ಲಿ ಸ್ಥಿತಿಗಳ ಸಂಖ್ಯೆಯು 2ರ h² ಘಾತವನ್ನು ಮೀರಬೇಕಾಗಿಲ್ಲವೆಂದು ತೋರಿಸಿದರು.

ವ್ಯಾಕರಣಕ್ಕೆ ಇನ್ನೊಂದು ಸಾಧನವನ್ನು ಕೊಟ್ಟರೂ ಈ ಸಮತೆ ಉಳಿಯುವುದೇ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಇದ್ದಿತು. ಒಂದೇ ಪದವು ಎರಡು ನಿಯಮಗಳಿಗೂ ಏಕಕಾಲದಲ್ಲಿ ಒಪ್ಪಬೇಕೆಂದು ವಿಧಿಸಲು ಅವಕಾಶವುಳ್ಳ ವ್ಯಾಕರಣಗಳ ವಿಷಯದಲ್ಲಿ ಇದನ್ನು ಓಖೋತಿನ್ ಎತ್ತಿದ್ದರು. ಆರ್ಟುರ್ ಯೆಜ್ ಎಂಬ ಪೋಲೆಂಡಿನ ಗಣಿತಜ್ಞರು 2007ರಲ್ಲಿ ಅಂಥ ವ್ಯಾಕರಣದಿಂದ 1, 4, 16, 64 ಎಂದು ನಾಲ್ಕರ ಘಾತಗಳಷ್ಟೇ ಉದ್ದವುಳ್ಳ ಏಕಾಕ್ಷರ ಪದಗಳನ್ನು ನಿಷ್ಪನ್ನಗೊಳಿಸಿ, ಉಳಿಯದೆಂದು ಉತ್ತರ ಕೊಟ್ಟರು.