ಸ್ಥಾನಪಲ್ಲಟ-ಕಾಲ ನಕ್ಷೆ ಮತ್ತು ವೇಗ-ಕಾಲ ನಕ್ಷೆ

ಸ್ಥಾನಪಲ್ಲಟ-ಕಾಲ ನಕ್ಷೆ ಮತ್ತು ವೇಗ-ಕಾಲ ನಕ್ಷೆ ಇವು ಸರಳರೇಖೆಯಲ್ಲಿ ಚಲಿಸುವ ಕಾಯದ ಚಲನೆಯನ್ನು ಚಿತ್ರಿಸುವ ಎರಡು ವಿಧಾನಗಳು. ಎರಡರಲ್ಲೂ ಅಡ್ಡ ಅಕ್ಷದಲ್ಲಿ ಕಾಲವಿರುತ್ತದೆ. ಲಂಬ ಅಕ್ಷದಲ್ಲಿರುವ ಪರಿಮಾಣ ಮಾತ್ರ ಬೇರೆ. ಆದ್ದರಿಂದ ಒಂದೇ ಆಕಾರದ ಗೆರೆಗೆ ಎರಡು ನಕ್ಷೆಗಳಲ್ಲಿ ಬೇರೆ ಬೇರೆ ಅರ್ಥವಿದೆ. ಉದಾಹರಣೆಗೆ, ಕಾಲದ ಅಕ್ಷಕ್ಕೆ ಸಮಾಂತರವಾದ ಗೆರೆ ಮೊದಲ ನಕ್ಷೆಯಲ್ಲಿ ನಿಂತಿರುವ ಕಾಯವನ್ನೂ ಎರಡನೆಯದರಲ್ಲಿ ಏಕರೂಪ ವೇಗದಿಂದ ಸಾಗುವ ಕಾಯವನ್ನೂ ಸೂಚಿಸುತ್ತದೆ. ಪರೀಕ್ಷೆಗಳಲ್ಲಿ ಆಗುವ ತಪ್ಪುಗಳಲ್ಲಿ ಕೆಲವು ಲಂಬ ಅಕ್ಷವನ್ನು ಗಮನಿಸದೆ ಗೆರೆಯನ್ನು ಓದುವುದರಿಂದ ಹುಟ್ಟುತ್ತವೆ.

ಇಳಿಜಾರು ಮತ್ತು ವಿಸ್ತೀರ್ಣ

ಸ್ಥಾನಪಲ್ಲಟ-ಕಾಲ ನಕ್ಷೆಯ ಇಳಿಜಾರು ವೇಗವನ್ನು ಕೊಡುತ್ತದೆ. ವೇಗ-ಕಾಲ ನಕ್ಷೆಯ ಇಳಿಜಾರು ವೇಗೋತ್ಕರ್ಷವನ್ನು ಕೊಡುತ್ತದೆ. ವೇಗ-ಕಾಲ ನಕ್ಷೆಯ ಗೆರೆಗೂ ಕಾಲದ ಅಕ್ಷಕ್ಕೂ ನಡುವಿನ ವಿಸ್ತೀರ್ಣವು ಸ್ಥಾನಪಲ್ಲಟವಾಗಿದೆ. ಈ ವಿಸ್ತೀರ್ಣದ ಕಲ್ಪನೆಯನ್ನು 14ನೇ ಶತಮಾನದಲ್ಲಿಯೇ ಫ್ರಾನ್ಸಿನ ನಿಕೋಲ್ ಒರೆಸ್ಮ್ ಚಿತ್ರಗಳ ಮೂಲಕ ವಿವರಿಸಿದ್ದನು. ಸ್ಥಾನಪಲ್ಲಟ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣಕ್ಕೆ ಇಂತಹ ಉಪಯುಕ್ತ ಅರ್ಥವಿಲ್ಲ. ಅದರ ಏಕಮಾನ ಮೀಟರ್-ಸೆಕೆಂಡ್ ಆಗುತ್ತದೆ ಎಂಬುದೇ ಇದಕ್ಕೆ ಸುಳಿವು.

ಇಳಿಜಾರನ್ನು ಅಕ್ಷಗಳ ಮೇಲಿನ ಬೆಲೆಗಳಿಂದ ಲೆಕ್ಕಹಾಕಬೇಕೇ ಹೊರತು ಕೋನಮಾಪಕದಿಂದ ಅಳೆಯಬಾರದು. ಅಳತೆಯ ಪ್ರಮಾಣ ಬದಲಾದರೆ ಕಾಗದದ ಮೇಲಿನ ಕೋನವೂ ಬದಲಾಗುತ್ತದೆ, ಆದರೆ ವೇಗ ಬದಲಾಗುವುದಿಲ್ಲ.

ಒಂದು ನಿದರ್ಶನ

ಪಾಂಡವಪುರ ಮತ್ತು ಶ್ರೀರಂಗಪಟ್ಟಣ ನಿಲ್ದಾಣಗಳು ಬೆಂಗಳೂರು-ಮೈಸೂರು ರೈಲು ಮಾರ್ಗದಲ್ಲಿವೆ. ಅವುಗಳ ನಡುವಿನ ಹಳಿಯನ್ನು ಸರಳರೇಖೆಯೆಂದು ಪರಿಗಣಿಸಿ, ಶ್ರೀರಂಗಪಟ್ಟಣದ ದಿಕ್ಕನ್ನು ಧನ ದಿಕ್ಕೆಂದು ಇಟ್ಟುಕೊಳ್ಳೋಣ. ಮುಂದಿನ ಅಂಕಿಗಳು ಲೆಕ್ಕಕ್ಕಾಗಿ ಊಹಿಸಿದವು. ಪಾಂಡವಪುರದಿಂದ ಹೊರಟ ರೈಲು 50 ಸೆಕೆಂಡುಗಳಲ್ಲಿ 20 ಮೀ/ಸೆ ವೇಗವನ್ನು ತಲುಪಿ, 250 ಸೆಕೆಂಡು ಅದೇ ವೇಗದಲ್ಲಿ ಸಾಗಿ, ಕೊನೆಯ 50 ಸೆಕೆಂಡುಗಳಲ್ಲಿ ಏಕರೂಪವಾಗಿ ನಿಧಾನಗೊಂಡು ನಿಲ್ಲುತ್ತದೆ.

ವೇಗ-ಕಾಲ ನಕ್ಷೆ ಇಲ್ಲಿ ಒಂದು ತ್ರಾಪಿಜ್ಯ. ಮೊದಲ ತ್ರಿಭುಜದ ವಿಸ್ತೀರ್ಣ ½ × 50 × 20 = 500 ಮೀ, ನಡುವಿನ ಆಯತದ್ದು 250 × 20 = 5000 ಮೀ, ಕೊನೆಯ ತ್ರಿಭುಜದ್ದು 500 ಮೀ. ಒಟ್ಟು ಸ್ಥಾನಪಲ್ಲಟ 6000 ಮೀ. ಮೊದಲ ಭಾಗದ ಇಳಿಜಾರು 20 ÷ 50 = 0.4 ಮೀ/ಸೆ², ಕೊನೆಯ ಭಾಗದ್ದು −0.4 ಮೀ/ಸೆ².

ಕೊನೆಯ ಭಾಗದಲ್ಲಿ ಗೆರೆ ಕೆಳಗಿಳಿಯುವುದನ್ನು ಕಂಡು ರೈಲು ಹಿಂದಿರುಗುತ್ತಿದೆ ಎಂದು ಬರೆಯುವವರುಂಟು. ಗೆರೆ ಇನ್ನೂ ಕಾಲದ ಅಕ್ಷದ ಮೇಲೆಯೇ ಇರುವುದರಿಂದ ವೇಗ ಧನವಾಗಿದೆ. ರೈಲು ಮುಂದಕ್ಕೇ ಹೋಗುತ್ತಿದೆ, ನಿಧಾನವಾಗಿ ಅಷ್ಟೆ. ಇದೇ ಪ್ರಯಾಣದ ಸ್ಥಾನಪಲ್ಲಟ-ಕಾಲ ನಕ್ಷೆಯಲ್ಲಿ ಗೆರೆ ಎಲ್ಲಿಯೂ ಇಳಿಯುವುದಿಲ್ಲ. ಅದು ಮೊದಲು ಕಡಿದಾಗುತ್ತಾ ಬಾಗಿ ಏರಿ, ನಡುವೆ ನೇರವಾಗಿ ಸಾಗಿ, ಕೊನೆಗೆ ಚಪ್ಪಟೆಯಾಗುತ್ತಾ 6000 ಮೀ ಮಟ್ಟವನ್ನು ಮುಟ್ಟುತ್ತದೆ. ಇದನ್ನು ಮೂರು ನೇರ ತುಂಡುಗಳಾಗಿ ಎಳೆಯುವುದು ತಪ್ಪು: ಈ ನಕ್ಷೆಯಲ್ಲಿ ಚೂಪಾದ ಮೂಲೆಯಿದ್ದರೆ ವೇಗ ಆ ಕ್ಷಣದಲ್ಲಿ ಥಟ್ಟನೆ ಜಿಗಿಯಿತೆಂದಾಗುತ್ತದೆ.

ಏಕಮಾನಗಳ ಬಗೆಗೂ ಎಚ್ಚರ ಬೇಕು. 20 ಮೀ/ಸೆ ಎಂದರೆ ಗಂಟೆಗೆ 72 ಕಿ.ಮೀ. ಲಂಬ ಅಕ್ಷದಲ್ಲಿ ಕಿ.ಮೀ/ಗಂಟೆಯೂ ಅಡ್ಡ ಅಕ್ಷದಲ್ಲಿ ನಿಮಿಷವೂ ಇದ್ದರೆ, 10 ನಿಮಿಷದ ವಿಸ್ತೀರ್ಣ 720 ಕಿ.ಮೀ ಅಲ್ಲ, 12 ಕಿ.ಮೀ.

ಗೆರೆ ಅಕ್ಷವನ್ನು ದಾಟಿದಾಗ

ನಿಲ್ದಾಣದ ಅಂಗಳದಲ್ಲಿ ಎಂಜಿನೊಂದು 4 ಮೀ/ಸೆ ವೇಗದಿಂದ ಮುಂದೆ ಬಂದು, ಏಕರೂಪ ವೇಗೋತ್ಕರ್ಷ −0.4 ಮೀ/ಸೆ² ಇದ್ದು, 20 ಸೆಕೆಂಡಿನ ಹೊತ್ತಿಗೆ −4 ಮೀ/ಸೆ ವೇಗ ಪಡೆಯಿತೆನ್ನಿ. ಗೆರೆ 10ನೇ ಸೆಕೆಂಡಿನಲ್ಲಿ ಅಕ್ಷವನ್ನು ದಾಟುತ್ತದೆ. ಮೇಲಿನ ತ್ರಿಭುಜ +20 ಮೀ, ಕೆಳಗಿನದು −20 ಮೀ. ಚಿಹ್ನೆಸಹಿತ ಕೂಡಿದರೆ ಸ್ಥಾನಪಲ್ಲಟ ಸೊನ್ನೆ. ಚಿಹ್ನೆ ಬಿಟ್ಟು ಕೂಡಿದರೆ ಕ್ರಮಿಸಿದ ದೂರ 40 ಮೀ. ಪ್ರಶ್ನೆ ಯಾವುದನ್ನು ಕೇಳಿದೆ ಎಂಬುದನ್ನು ನೋಡಿಯೇ ಕೂಡಬೇಕು. 10ನೇ ಸೆಕೆಂಡಿನಲ್ಲಿ ವೇಗ ಸೊನ್ನೆಯಾದರೂ ಇಳಿಜಾರು ಬದಲಾಗಿಲ್ಲ, ಆದ್ದರಿಂದ ವೇಗೋತ್ಕರ್ಷ ಸೊನ್ನೆಯಲ್ಲ. ಸ್ಥಾನಪಲ್ಲಟ-ಕಾಲ ನಕ್ಷೆಯಲ್ಲಿ ಇದೇ ಕ್ಷಣ 20 ಮೀ ಎತ್ತರದ ಶಿಖರವಾಗಿ ಕಾಣುತ್ತದೆ.

ಎರಡು ಗೆರೆಗಳು ಸಂಧಿಸಿದಾಗ

ಕೆ.ಆರ್. ಪೇಟೆಯಿಂದ ನಾಗಮಂಗಲದ ಕಡೆಗೆ ಒಂದು ಬಸ್ಸೂ ಅದರ ಹಿಂದೆ ಒಂದು ಮೋಟಾರ್ ಸೈಕಲ್ಲೂ ಹೊರಟಿವೆ ಎಂದುಕೊಳ್ಳೋಣ. ಕೆ.ಆರ್. ಪೇಟೆಯಿಂದಲೇ ಅಳೆದ ಸ್ಥಾನಪಲ್ಲಟ-ಕಾಲ ನಕ್ಷೆಯಲ್ಲಿ ಇವೆರಡರ ಗೆರೆಗಳು ಸಂಧಿಸಿದರೆ, ಮೋಟಾರ್ ಸೈಕಲ್ ಬಸ್ಸನ್ನು ಆ ಕ್ಷಣದಲ್ಲಿ ಹಿಡಿದಿದೆ. ವೇಗ-ಕಾಲ ನಕ್ಷೆಯಲ್ಲಿ ಸಂಧಿಸಿದರೆ ಎರಡರ ವೇಗ ಮಾತ್ರ ಸಮ. ಹಿಂದಿನ ವಾಹನದ ವೇಗ ಅಲ್ಲಿಯವರೆಗೆ ಕಡಿಮೆಯಿದ್ದು ಆಮೇಲೆ ಹೆಚ್ಚಾಗುವುದಾದರೆ, ಅವುಗಳ ನಡುವಿನ ಅಂತರ ಗರಿಷ್ಠವಾಗಿರುವುದು ಆ ಕ್ಷಣದಲ್ಲಿಯೇ. ಎರಡೂ ಒಂದೇ ಸ್ಥಳದಿಂದ ಏಕಕಾಲಕ್ಕೆ ಹೊರಟಿದ್ದರೆ, ಅವು ಮತ್ತೆ ಜೊತೆಯಾಗುವುದು ಎರಡು ಗೆರೆಗಳ ಕೆಳಗಿನ ವಿಸ್ತೀರ್ಣಗಳು ಸಮವಾದಾಗ.