ವರ್ಣಾಂಧಸ್ನೇಹಿ ಬಣ್ಣಗಳು ಮತ್ತು ಮೊಬೈಲ್ ವರದಿಯ ವಿನ್ಯಾಸ

ವರ್ಣಾಂಧಸ್ನೇಹಿ ಬಣ್ಣಗಳು ಎಂದರೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣದವರಿಗೂ ಬೇರೆಬೇರೆಯಾಗಿ ಗೋಚರಿಸುವಂತೆ ಆಯ್ದ ಬಣ್ಣಗಳ ಗುಂಪು. ಕಚೇರಿಯ ವರದಿಗಳಲ್ಲಿ ಗುರಿ ಮುಟ್ಟಿದ್ದಕ್ಕೆ ಹಸಿರು, ತಪ್ಪಿದ್ದಕ್ಕೆ ಕೆಂಪು ಬಳಸುವುದು ರೂಢಿ. ಆದರೆ ವರ್ಣಾಂಧತೆಯಲ್ಲಿ ಹೆಚ್ಚಾಗಿ ಕಂಡುಬರುವುದು ಕೆಂಪು–ಹಸಿರಿನ ಗೊಂದಲವೇ. ಇದಕ್ಕೆ ಕಾರಣವಾದ ವಂಶವಾಹಿಗಳು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡಸರಲ್ಲಿ ಇದು ಹೆಚ್ಚು.

ಬಣ್ಣಗಳ ಆಯ್ಕೆ

ಜಪಾನಿನ ಮಸತಾಕಾ ಒಕಾಬೆ ಮತ್ತು ಕೇ ಇತೋ ರೂಪಿಸಿದ ಎಂಟು ಬಣ್ಣಗಳ ಗುಂಪು ಇಂದು ವ್ಯಾಪಕ ಬಳಕೆಯಲ್ಲಿದೆ. ಕೆಂಪು–ಹಸಿರಿನ ಬದಲು ಅದರಲ್ಲಿನ ನೀಲಿ (#0072B2) ಮತ್ತು ಕಿತ್ತಳೆಗೆಂಪನ್ನು (#D55E00) ಜೋಡಿಯಾಗಿ ಬಳಸಬಹುದು. ಆದರೆ ಈ ಗುಂಪಿನ ಎಲ್ಲ ಬಣ್ಣಗಳೂ ಅಕ್ಷರಕ್ಕೆ ಹೊಂದುವುದಿಲ್ಲ. ಜಾಲಪುಟಗಳ ಸುಗಮ್ಯತೆಗಾಗಿ ಇರುವ WCAG ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ಅಂತರವಿರಬೇಕು. ಚಿತ್ರಭಾಗಗಳಿಗೆ 3:1 ಸಾಕು. ಬಿಳಿ ಹಿನ್ನೆಲೆಯ ಮೇಲೆ ಈ ನೀಲಿಯ ಅಂತರ ಸುಮಾರು 5.2, ಕಿತ್ತಳೆಗೆಂಪಿನದು 3.9. ಆದ್ದರಿಂದ ಕಿತ್ತಳೆಗೆಂಪನ್ನು ಪಟ್ಟಿಗೆ ಬಳಸಿ, ಅಂಕಿಯನ್ನು ಕಪ್ಪಿನಲ್ಲೇ ಬರೆಯಬೇಕು. ಅದೇ ಗುಂಪಿನ ಹಳದಿಯ ಅಂತರ ಬರೀ 1.3, ಬಿಸಿಲಿನಲ್ಲಿ ಹಿಡಿದ ಫೋನಿನಲ್ಲಿ ಅದು ಕಾಣುವುದೇ ಕಷ್ಟ.

ಪುಟದ ವಿನ್ಯಾಸ

ಕಂಪ್ಯೂಟರಿಗಾಗಿ 1200 ಪಿಕ್ಸೆಲ್ ಅಗಲಕ್ಕೆ ಮಾಡಿದ ಪುಟ 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಕುಗ್ಗಿದರೆ, 12 ಪಿಕ್ಸೆಲ್ಲಿನ ಅಕ್ಷರ 3.6ಕ್ಕೆ ಇಳಿಯುತ್ತದೆ. ಕನ್ನಡದ ಒತ್ತಕ್ಷರಗಳು ಆಗ ಮಸಿಯ ಚುಕ್ಕೆಗಳಂತಾಗುತ್ತವೆ.

ಉದಾಹರಣೆಗೆ, ಜಿಲ್ಲಾವಾರು ಮಾರಾಟದ ಆರು ಕಾಲಮ್ಮುಗಳ ಕೋಷ್ಟಕವನ್ನು ತೆಗೆದುಕೊಳ್ಳೋಣ. ಫೋನಿಗಾಗಿ ಅದನ್ನು ಒಂದೇ ಕಾಲಮ್ಮಿಗೆ ಇಳಿಸಿ, ಮೇಲೆ ಒಟ್ಟು ಮೊತ್ತ, ಕೆಳಗೆ ಅಡ್ಡ ಪಟ್ಟಿಗಳನ್ನು ಇಡಬೇಕು. ‘ಚಿಕ್ಕಬಳ್ಳಾಪುರ’ದಂಥ ಉದ್ದನೆಯ ಹೆಸರನ್ನು ಪಟ್ಟಿಯ ಎಡಕ್ಕಿಟ್ಟರೆ ಪಟ್ಟಿಗೆ ಜಾಗ ಉಳಿಯದು, ಮೇಲಿಟ್ಟರೆ ಪೂರ್ತಿ ಅಗಲ ಸಿಗುತ್ತದೆ. ಗುರಿಗಿಂತ ಹೆಚ್ಚು ಹಿಂದುಳಿದ ಜಿಲ್ಲೆ ಮೊದಲು ಬರಲಿ. ಪ್ರತಿ ಪಟ್ಟಿಯ ಪಕ್ಕದಲ್ಲೇ ‘▼ ಗುರಿಗಿಂತ 12% ಕಡಿಮೆ’ ಎಂದಿದ್ದರೆ ಬಣ್ಣಗಳ ಅರ್ಥ ತಿಳಿಸುವ ಪ್ರತ್ಯೇಕ ಸೂಚಿ ಬೇಕಿಲ್ಲ.

ಪರೀಕ್ಷೆ

ಕ್ರೋಮ್ ಬ್ರೌಸರಿನ ಡೆವಲಪರ್ ಸಾಧನಗಳಲ್ಲಿ `Emulate vision deficiencies` ಆಯ್ಕೆಯಿಂದ ವರ್ಣಾಂಧರಿಗೆ ಪುಟ ಸರಿಸುಮಾರು ಹೇಗೆ ಕಾಣುತ್ತದೆಂದು ನೋಡಬಹುದು. ವರದಿಯನ್ನು ಕಪ್ಪು–ಬಿಳುಪಿಗೆ ಬದಲಿಸಿ ನೋಡುವುದು ಇದಕ್ಕಿಂತ ಕಠಿಣ ಪರೀಕ್ಷೆ. ಮೇಲಿನ ನೀಲಿ ಮತ್ತು ಕಿತ್ತಳೆಗೆಂಪಿನ ಹೊಳಪು ಹತ್ತಿರಹತ್ತಿರವಿರುವುದರಿಂದ ಎರಡೂ ಒಂದೇ ಬಗೆಯ ಬೂದಿಬಣ್ಣವಾಗುತ್ತವೆ. ಆಗ ಗುರಿ ತಪ್ಪಿದ ಜಿಲ್ಲೆಯನ್ನು ಗುರುತಿಸಲು ಉಳಿಯುವುದು ▼ ಚಿಹ್ನೆ ಮತ್ತು ಪಕ್ಕದ ಬರಹ ಮಾತ್ರ. ಅವಿಲ್ಲದ ವರದಿ ಈ ಪರೀಕ್ಷೆಯಲ್ಲಿ ನಪಾಸು.