ಡಿಸಿಟಿಯಲ್ಲಿ ನಷ್ಟ ಆಗುವುದೆಲ್ಲಿ: ಎರಡು ಬ್ಲಾಕ್‌ಗಳ ಲೆಕ್ಕ

ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ಡಿಸಿಟಿ, ಚಿತ್ರವನ್ನು ಕುಗ್ಗಿಸುತ್ತದೆ ಎಂಬ ಮಾತು ಪಠ್ಯಪುಸ್ತಕಗಳಲ್ಲೂ ಕಾಣಸಿಗುತ್ತದೆ. ಅದು ಪೂರ್ತಿ ಸರಿಯಲ್ಲ. 64 ಪಿಕ್ಸೆಲ್ ಕೊಟ್ಟರೆ ಡಿಸಿಟಿ 64 ಗುಣಾಂಕಗಳನ್ನೇ ಹಿಂದಿರುಗಿಸುತ್ತದೆ. 8 ಬಿಟ್‌ನ ಪಿಕ್ಸೆಲ್‌ಗಳಿಂದ ಹುಟ್ಟುವ ಗುಣಾಂಕವನ್ನು ಬರೆದಿಡಲು 11 ಬಿಟ್ ಬೇಕು, ಹಾಗಾಗಿ ಈ ಹಂತದಲ್ಲಿ ಕಡತ ಹಿಗ್ಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಉಳಿತಾಯವೂ ನಷ್ಟವೂ ಅದರ ಮುಂದಿನ ಹೆಜ್ಜೆಯಾದ ಕ್ವಾಂಟೈಸೇಷನ್‌ನಲ್ಲಿವೆ. ಹಾಗಿದ್ದರೆ ಡಿಸಿಟಿ ಯಾಕೆ ಬೇಕು ಎನ್ನುವುದನ್ನು ಎರಡು ಸಣ್ಣ ಬ್ಲಾಕ್‌ಗಳನ್ನು ಇಟ್ಟುಕೊಂಡು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಈ ಪರಿವರ್ತನೆಯನ್ನು ಮಂಡಿಸಿದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಬರೆದವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಅಹ್ಮದ್ ಬೆಂಗಳೂರಿನಲ್ಲಿ ಹುಟ್ಟಿ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. 1972ರಲ್ಲಿ ಇದೇ ವಿಷಯಕ್ಕೆ ಧನಸಹಾಯ ಕೇಳಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅರ್ಜಿ ಹಾಕಿದಾಗ ಅದು ತಿರಸ್ಕೃತವಾಯಿತು ಎಂದು ಅವರೇ ಬರೆದಿದ್ದಾರೆ. 1992ರ ಜೆಪೆಗ್ ಮಾನಕದ ಮೂಲ ವಿಧಾನ ನಿಂತಿರುವುದು ಈ ಪರಿವರ್ತನೆಯ ಮೇಲೆಯೇ.

ಮೊದಲ ಬ್ಲಾಕ್ ಒಂದು ನಯವಾದ ಇಳಿಜಾರು; ಸಂಜೆಯ ಆಕಾಶದ ತುಣುಕು ಎಂದುಕೊಳ್ಳಬಹುದು. ಎಂಟು ಸಾಲುಗಳೂ ಒಂದೇ ತೆರ, ಪ್ರತಿ ಸಾಲಿನಲ್ಲಿ ಎಡದಿಂದ ಬಲಕ್ಕೆ ಹೊಳಪು ನಾಲ್ಕು ನಾಲ್ಕರಂತೆ ಏರುತ್ತದೆ:

```
100 104 108 112 116 120 124 128
```

ಪ್ರತಿ ಪಿಕ್ಸೆಲ್‌ನಿಂದ 128 ಕಳೆದು ಎರಡು ದಿಕ್ಕಿನಲ್ಲೂ ಡಿಸಿಟಿ ಮಾಡುತ್ತೇವೆ. ಸಾಲಿನಿಂದ ಸಾಲಿಗೆ ಬದಲಾವಣೆಯೇ ಇಲ್ಲವಾದ್ದರಿಂದ ಗುಣಾಂಕಗಳ ಮೊದಲ ಸಾಲು ಬಿಟ್ಟು ಮಿಕ್ಕದ್ದೆಲ್ಲ ಸೊನ್ನೆ. ಆ ಮೊದಲ ಸಾಲು ಹೀಗಿದೆ:

```
-112  -72.89  0  -7.62  0  -2.27  0  -0.57
```

ಮೊದಲ ಸಂಖ್ಯೆ ಸರಾಸರಿ ಹೊಳಪಿನದು, ಉಳಿದವು ಒಂದಕ್ಕಿಂತ ಒಂದು ವೇಗದ ಅಲೆಗಳವು. ಸರಾಸರಿಯಿಂದ ಪಿಕ್ಸೆಲ್‌ಗಳು ಎಷ್ಟು ಸರಿದಿವೆ ಎಂಬುದರ ವರ್ಗಗಳನ್ನು ಕೂಡಿದರೆ 5376 ಬರುತ್ತದೆ. ಸರಾಸರಿಯದನ್ನು ಬಿಟ್ಟು ಗುಣಾಂಕಗಳ ವರ್ಗಗಳನ್ನು ಕೂಡಿದರೂ ಅಷ್ಟೇ. ಏನೂ ಕಳೆದಿಲ್ಲ, ಏನೂ ಸೇರಿಲ್ಲ. ಆದರೆ 64 ಕಡೆ ಹರಡಿಕೊಂಡಿದ್ದುದರ ಶೇ. 98ಕ್ಕೂ ಹೆಚ್ಚು ಪಾಲು ಈಗ -72.89 ಎಂಬ ಒಂದೇ ಸಂಖ್ಯೆಯೊಳಗೆ ಬಂದು ಕೂತಿದೆ. ಡಿಸಿಟಿ ಮಾಡಿದ ಕೆಲಸ ಇಷ್ಟೇ.

ಈಗ ಕ್ವಾಂಟೈಸೇಷನ್. ಮಾನಕದ ಅನುಬಂಧದಲ್ಲಿ ಮಾದರಿಗೆಂದು ಕೊಟ್ಟಿರುವ ಹೊಳಪಿನ ಕೋಷ್ಟಕದ ಮೊದಲ ಸಾಲು 16, 11, 10, 16, 24, 40, 51, 61. ಪ್ರತಿ ಗುಣಾಂಕವನ್ನು ತನ್ನ ಸ್ಥಾನದ ಸಂಖ್ಯೆಯಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತರಬೇಕು. -112 ಎಂಬುದು -7 ಆಗುತ್ತದೆ, -72.89 ಕೂಡ -7. ಮೂರನೆಯ ಅಲೆಯ -7.62 ಅನ್ನು 16ರಿಂದ ಭಾಗಿಸಿದರೆ -0.476, ಅಂದರೆ ಸೊನ್ನೆ. ಅದರ ಮುಂದಿನವೂ ಸೊನ್ನೆ. ಇಡೀ ಬ್ಲಾಕ್‌ನಲ್ಲಿ ಉಳಿದದ್ದು ಎರಡೇ ಸಂಖ್ಯೆ, ಆಮೇಲೆ 'ಇನ್ನು ಎಲ್ಲ ಸೊನ್ನೆ' ಎಂಬ ಗುರುತು. ಇದು ಚಿತ್ರದ ಮೊದಲ ಬ್ಲಾಕ್ ಎಂದುಕೊಂಡು ಮಾನಕದ ಮಾದರಿ ಹಫ್‌ಮನ್ ಸಂಕೇತಗಳಲ್ಲಿ ಬರೆದರೆ 6, 6, 4, ಒಟ್ಟು 16 ಬಿಟ್. ಮೂಲದ್ದು 512 ಬಿಟ್.

ಆ ಎರಡು ಸಂಖ್ಯೆಗಳನ್ನು ಮತ್ತೆ 16 ಮತ್ತು 11ರಿಂದ ಗುಣಿಸಿ ವಿಲೋಮ ಡಿಸಿಟಿ ಮಾಡಿದರೆ ಸಿಗುವ ಸಾಲು:

```
101 103 106 111 117 122 125 127
```

ಎಲ್ಲಿಯೂ ವ್ಯತ್ಯಾಸ 2ನ್ನು ಮೀರಿಲ್ಲ. ಇದನ್ನು ಇನ್ನೊಂದು ದಾರಿಯ ಪಕ್ಕದಲ್ಲಿಟ್ಟು ನೋಡಬೇಕು. ಡಿಸಿಟಿಯನ್ನೇ ಬಿಟ್ಟು, 128 ಕಳೆದ ಪಿಕ್ಸೆಲ್‌ಗಳನ್ನೇ 16ರಿಂದ ಭಾಗಿಸಿ ಪೂರ್ಣಾಂಕಕ್ಕೆ ತಂದರೆ (ಅರ್ಧ ಬಂದಾಗ ಸೊನ್ನೆಯಿಂದ ದೂರಕ್ಕೆ ಸರಿಸಿ) ಸಾಲು 96, 96, 112, 112, 112, 112, 128, 128 ಆಗುತ್ತದೆ. ಇಳಿಜಾರು ಹೋಗಿ ಮೂರು ಮೆಟ್ಟಿಲು ಉಳಿಯಿತು, ತಪ್ಪು ಕೆಲವೆಡೆ 8ಕ್ಕೆ ಏರಿತು. ಭಾಜಕ ಹೆಚ್ಚುಕಡಿಮೆ ಅದೇ, ಒರಟುತನವೂ ಅದೇ. ಫಲಿತಾಂಶ ಬೇರೆಯಾದದ್ದು ಯಾಕೆಂದರೆ ಪಿಕ್ಸೆಲ್‌ಗಳಲ್ಲಿ ಪ್ರತಿಯೊಂದೂ ಸಮಾನ ಮುಖ್ಯ. ಗುಣಾಂಕಗಳಲ್ಲಿ ಬಹುಪಾಲು ಭಾಜಕದ ಅರ್ಧಕ್ಕಿಂತ ಚಿಕ್ಕವು. ಅಷ್ಟು ಚಿಕ್ಕದೊಂದು ಸಂಖ್ಯೆ ಸೊನ್ನೆಯಾದಾಗ ಆಗುವ ತಪ್ಪು ಆ ಸಂಖ್ಯೆಯಷ್ಟೇ, ಉಳಿಯುವುದು ಮಾತ್ರ ಒಂದು ಇಡೀ ಸ್ಥಾನದ ಬಿಟ್‌ಗಳು.

ಕೊಸೈನ್ ಅಲೆಯೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಬ್ಲಾಕ್‌ನ ಅಂಚಿನಲ್ಲಿದೆ. ಫೋರಿಯರ್ ಪರಿವರ್ತನೆ ಇದೇ ಸಾಲು ಮತ್ತೆ ಮತ್ತೆ ಆವರ್ತಿಸುತ್ತದೆ ಎಂದು ಭಾವಿಸುತ್ತದೆ. ಆಗ 128ರ ಪಕ್ಕದಲ್ಲಿ 100 ಬಂದು ನಿಲ್ಲುತ್ತದೆ. ಚಿತ್ರದಲ್ಲಿ ಇಲ್ಲದ ಆ ಜಿಗಿತವನ್ನು ತೋರಿಸಲು ವೇಗದ ಅಲೆಗಳು ಬೇಕಾಗುತ್ತವೆ. ಡಿಸಿಟಿ ಮಾತ್ರ ಸಾಲನ್ನು ಅಂಚಿನಲ್ಲಿ ಕನ್ನಡಿಯಂತೆ ಮಡಿಸುತ್ತದೆ: 128ರ ಪಕ್ಕದಲ್ಲಿ ಮತ್ತೆ 128. ಜಿಗಿತವಿಲ್ಲ, ಮೂಲೆಯೊಂದು ಮಾತ್ರ ಇದೆ. ಹೀಗಾಗಿ ಗುಣಾಂಕಗಳು ಅಲೆಯ ಕ್ರಮಾಂಕದ ವರ್ಗಕ್ಕೆ ತಕ್ಕಂತೆ, ಅಂದರೆ ಒಂಬತ್ತನೇ ಒಂದು, ಇಪ್ಪತ್ತೈದನೇ ಒಂದು ಎಂಬ ಸುಮಾರಿಗೆ ಕುಸಿಯುತ್ತವೆ. ಮೇಲಿನ ಸಾಲಿನಲ್ಲಿ ಅದು ಕಾಣುತ್ತದೆ.

ಆದರೆ ಆ ಮೂಲೆಯೂ ಬಿಟ್ಟಿಯಲ್ಲ. ಇಳಿಜಾರು ಮುಂದಿನ ಬ್ಲಾಕ್‌ಗೂ ಹರಿದರೆ ಅದರ ಮೊದಲ ಪಿಕ್ಸೆಲ್ 132 ಇರಬೇಕು. ಇದೇ ಕೋಷ್ಟಕದಲ್ಲಿ ಅದು 133 ಆಗಿ ಬರುತ್ತದೆ. ನಮ್ಮ ಬ್ಲಾಕ್ 127ಕ್ಕೆ ಮುಗಿದಿದೆ. ಅಂಚಿಗೆ ತೀರ ಹತ್ತಿರದಲ್ಲಿ ಏರಿಕೆ ಬರೀ 2, ಅಂಚನ್ನು ದಾಟುವಾಗ 6, ಇರಬೇಕಾದದ್ದು ಎರಡೂ ಕಡೆ 4. ಆಕಾಶದ ಚಿತ್ರಗಳಲ್ಲಿ ಎಂಟು ಪಿಕ್ಸೆಲ್‌ಗೊಮ್ಮೆ ಮೂಡುವ ಚೌಕಗಳ ಮೂಲ ಇದು. ಇಲ್ಲಿ ತಪ್ಪಿತಸ್ಥ ಯಾರೆಂದು ಬೆರಳಿಟ್ಟು ತೋರಿಸಬಹುದು: ಸ್ವಲ್ಪದರಲ್ಲಿ ಸೊನ್ನೆಗೆ ಜಾರಿದ ಆ -7.62.

ಎರಡನೆಯ ಬ್ಲಾಕ್‌ನಲ್ಲಿ ಎಡಕ್ಕೆ ನಾಲ್ಕು ಪಿಕ್ಸೆಲ್ 64, ಬಲಕ್ಕೆ ನಾಲ್ಕು 192. ಮುದ್ರಿತ ಪುಟದ ಅಕ್ಷರದ ಅಂಚು ಇಂಥದು. ಇದರ ಶೂನ್ಯವಲ್ಲದ ಗುಣಾಂಕಗಳು -463.9, 162.9, -108.9, 92.3. ಜಿಗಿತ ಬ್ಲಾಕ್‌ನ ಒಳಗೇ ಇರುವುದರಿಂದ ಕನ್ನಡಿ ಏನೂ ಮಾಡಲಾರದು. ಕುಸಿತ ವರ್ಗಕ್ಕೆ ತಕ್ಕಂತಿಲ್ಲ, ಬರೀ ಕ್ರಮಾಂಕಕ್ಕೆ ತಕ್ಕಷ್ಟು ಇರಬೇಕಾದ್ದು, ಕೊನೆಗೆ ಅಷ್ಟೂ ಇಲ್ಲ. ಯಾವುದೂ ಸೊನ್ನೆಯಾಗುವುದಿಲ್ಲ, ಆದರೆ ಕೊನೆಯ ಎರಡರ ಭಾಜಕಗಳು 40 ಮತ್ತು 61. 92.3 ಎಂಬುದು 1.51 ಆಗಿ, 2ಕ್ಕೆ ಏರಿ, ಹಿಂದಿರುಗುವಾಗ 122 ಆಗಿಬಿಡುತ್ತದೆ. ಫಲಿತಾಂಶ:

```
64 63 69 58 198 187 193 192
```

ಅಂಚಿನ ಎರಡೂ ಬದಿಗೆ ಏರಿಳಿತ ಹುಟ್ಟಿದೆ. ಅಕ್ಷರಗಳ ಸುತ್ತ ಮಂಕು ಧೂಳಿನಂತೆ ಕಾಣುವುದು ಇದೇ. ಚೌಕ ಕಂಡರೆ ಗುಣಾಂಕ ಸೊನ್ನೆಯಾಗಿದೆ, ಏರಿಳಿತ ಕಂಡರೆ ದೊಡ್ಡ ಗುಣಾಂಕವೊಂದು ಒರಟಾಗಿ ಪೂರ್ಣಾಂಕಕ್ಕೆ ಬಂದಿದೆ ಎಂದು ನಾನು ಸ್ಥೂಲವಾಗಿ ಓದಿಕೊಳ್ಳುತ್ತೇನೆ.

ಲಿಬ್‌ಜೆಪೆಗ್ ತಂತ್ರಾಂಶದಲ್ಲಿ ಗುಣಮಟ್ಟ 50 ಎಂದರೆ ಈ ಕೋಷ್ಟಕ ಇದ್ದ ಹಾಗೆಯೇ, 75 ಎಂದರೆ ಸುಮಾರು ಅರ್ಧಕ್ಕೆ ಇಳಿಸಿದ್ದು. 75ರಲ್ಲಿ ಮೂರನೆಯ ಅಲೆಯ ಭಾಜಕ 8, -7.62 ಈಗ -1 ಆಗಿ ಉಳಿದುಕೊಳ್ಳುತ್ತದೆ. ಮೊದಲ ಬ್ಲಾಕ್ 26 ಬಿಟ್‌ಗೆ ಏರುತ್ತದೆ, ಮರಳಿ ಬರುವ ಎಂಟೂ ಪಿಕ್ಸೆಲ್‌ಗಳು ಮೂಲದವೇ ಆಗಿರುತ್ತವೆ, ಒಂದೂ ಬದಲಾಗುವುದಿಲ್ಲ. ಅಕ್ಷರದಂಚಿನ ಬ್ಲಾಕ್‌ನ ಎಡಭಾಗ ಮಾತ್ರ 65, 63, 65, 66 ಎಂದು ಇನ್ನೂ ಅಲುಗುತ್ತಿರುತ್ತದೆ.